ಇಲ್ಲದ ಯಂತ್ರಕ್ಕೊಂದು ನೀಲನಕ್ಷೆ

ನೀಲನಕ್ಷೆಯ ನೀಲಿ ಬಣ್ಣ ಬಿಸಿಲಿನ ಕೆಲಸ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲಿ ಕಬ್ಬಿಣದ ಎರಡು ಲವಣಗಳ ದ್ರಾವಣವನ್ನು ಕಾಗದಕ್ಕೆ ಸವರಿ ಕತ್ತಲಲ್ಲಿ ಒಣಗಿಸುತ್ತಾರೆ. ಟ್ರೇಸಿಂಗ್ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಚಿತ್ರವನ್ನು ಅದರ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಬೆಳಕು ತಾಗಿದ ಜಾಗವೆಲ್ಲ ಪ್ರಷ್ಯನ್ ನೀಲಿಗೆ ತಿರುಗುತ್ತದೆ. ಗೆರೆಯ ಮರೆಯಲ್ಲಿದ್ದ ಲವಣ ನೀರಿನಲ್ಲಿ ತೊಳೆದುಹೋಗಿ ಕಾಗದದ ಬಿಳುಪು ಉಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಇಂಜಿನಿಯರಿಂಗ್ ಕಚೇರಿಗಳಲ್ಲಿ ನಕ್ಷೆಯ ಪ್ರತಿ ತೆಗೆಯುತ್ತಿದ್ದದ್ದು ಹೀಗೆ. ಮುಂದೆ ಅಮೋನಿಯಾ ಪ್ರಿಂಟ್ ಬಂತು. ಅದರಲ್ಲಿ ಹಿನ್ನೆಲೆ ಬಿಳಿ, ಗೆರೆ ನೀಲಿ. ಈಗ ಕಂಪ್ಯೂಟರಿನ ಕಾಲ. ಆದರೂ ಪುಸ್ತಕದ ಮುಖಪುಟ, ಪೋಸ್ಟರ್, ಆಟಗಳ ಚಿತ್ರಗಳಿಗಾಗಿ ಎಲ್ಲಿಯೂ ಇಲ್ಲದ ಯಂತ್ರಗಳನ್ನು ಬರೆಯುವವರು ಹಳೆಯ ನೀಲನಕ್ಷೆಯ ರೂಪವನ್ನೇ ಬಯಸುತ್ತಾರೆ.

ಆ ರೂಪದ ಗುಣಗಳೆಲ್ಲ ಅದರ ತಯಾರಿಕೆಯಿಂದಲೇ ಬಂದವು. ಅಲ್ಲಿ ಇರುವುದು ನೀಲಿ ಮತ್ತು ಬಿಳಿ ಮಾತ್ರ. ಬೂದು ನೆರಳು, ಮಿನುಗು, ಮೂರನೇ ಬಣ್ಣ ಬಂದ ಕೂಡಲೇ ಚಿತ್ರ ಸುಳ್ಳೆನಿಸುತ್ತದೆ. ಲೋಹವನ್ನು ಕತ್ತರಿಸಿದ ಭಾಗವನ್ನು ತೋರಿಸಬೇಕಾದರೆ 45 ಡಿಗ್ರಿಯ ಸಣ್ಣ ಓರೆಗೆರೆಗಳೇ ಗತಿ. ದ್ರಾವಣವನ್ನು ಬ್ರಷ್ಷಿನಿಂದ ಸವರಿದ್ದರೆ ನೀಲಿ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಪ್ರಷ್ಯನ್ ನೀಲಿಗೆ ಕ್ಷಾರ ಆಗದು. ಹಾಗಾಗಿ ಹಳೆಯ ಕಚೇರಿಗಳಲ್ಲಿ ವಾಷಿಂಗ್ ಸೋಡಾದ ನೀರಿನಲ್ಲಿ ಪೆನ್ನು ಅದ್ದಿ ಪ್ರತಿಯ ಮೇಲೆಯೇ ಬಿಳಿ ಅಕ್ಷರದಲ್ಲಿ ತಿದ್ದುಪಡಿ ಬರೆಯುತ್ತಿದ್ದರು. ಕಲ್ಪನೆಯ ಯಂತ್ರದ ಚಿತ್ರದಲ್ಲೂ ಅಂಚು ಸ್ವಲ್ಪ ಹರಡಿದ ಇಂಥ ಒಂದು ತಿದ್ದುಪಡಿ, ಹರಿದ ಮೂಲೆಗಳಿಗಿಂತ ಹೆಚ್ಚು ನಂಬಿಸುತ್ತದೆ.

ಚೌಕುಳಿ ಗೆರೆಗಳ ವಿಷಯದಲ್ಲಿ ಒಂದು ತಮಾಷೆಯಿದೆ. ಇಂದು ನೀಲನಕ್ಷೆ ಎಂದರೆ ನೀಲಿಯ ಮೇಲೆ ಬಿಳಿ ಚೌಕಗಳ ಜಾಲ ಎಂದೇ ಬಹಳ ಜನರ ಕಲ್ಪನೆ. ನಿಜವಾದ ನೀಲನಕ್ಷೆಗಳಲ್ಲಿ ಆ ಜಾಲ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಚೌಕ ಹಾಕಿದ ಟ್ರೇಸಿಂಗ್ ಹಾಳೆಗಳೂ ಬಳಕೆಯಲ್ಲಿದ್ದವು. ಆದರೆ ಅವುಗಳ ಚೌಕಗಳನ್ನು ಪ್ರತಿಯಲ್ಲಿ ಮೂಡದಂಥ ತೆಳು ನೀಲಿಯಲ್ಲಿ ಅಚ್ಚು ಹಾಕುತ್ತಿದ್ದರು. ಬರೆಯುವವನ ಕಣ್ಣಿಗೆ ಆಸರೆಯಾದರೆ ಅವುಗಳ ಕೆಲಸ ಮುಗಿಯಿತು. ಆದ್ದರಿಂದ ಚೌಕಗಳು ಬೇಕೇ ಬೇಕು ಎನ್ನುವವರಿಗೆ ಎರಡು ದಾರಿಗಳಿವೆ. ಬಿಳಿ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಕರಡಿನಂತೆ ಚಿತ್ರವನ್ನು ತೋರಿಸುವುದು ಒಂದು. ನೀಲಿಯ ಮೇಲೆಯೇ ಹಾಕುವುದಾದರೆ ಜಾಲವನ್ನು ಹಿನ್ನೆಲೆಗಿಂತ ಕೊಂಚವೇ ತಿಳಿಯಾದ ನೀಲಿಯಲ್ಲಿ ಇಟ್ಟು, ಯಂತ್ರದ ಯಾವ ಗೆರೆಗೂ ಅದು ಪೈಪೋಟಿ ಕೊಡದಂತೆ ನೋಡಿಕೊಳ್ಳುವುದು ಇನ್ನೊಂದು. ಚೌಕಕ್ಕೆ ಅಳತೆ ಇರಲೇಬೇಕು. 1:5 ಪ್ರಮಾಣದ ಚಿತ್ರದಲ್ಲಿ 5 ಮಿ.ಮೀ. ಚೌಕ ಎಂದರೆ ಯಂತ್ರದ 25 ಮಿ.ಮೀ.; ಭಾಗಗಳ ನಡುಗೆರೆಗಳು ಚೌಕದ ಗೆರೆಗಳ ಮೇಲೆ ಕೂತರೆ ಜಾಲಕ್ಕೂ ಯಂತ್ರಕ್ಕೂ ಸಂಬಂಧ ಕಾಣುತ್ತದೆ.

ಈಗ ಒಂದು ಯಂತ್ರ ಬೇಕು. ಹಲಸಿನ ಹಣ್ಣಿನ ಮುಳ್ಳುಸಿಪ್ಪೆಯನ್ನು ಹೆರೆಯುವ ಕೈಯಂತ್ರ ಎಂದಿಟ್ಟುಕೊಳ್ಳಬಹುದು. ಎತ್ತರ 900 ಮಿ.ಮೀ., ಅಗಲ 600 ಮಿ.ಮೀ. ಹಣ್ಣನ್ನು ಎರಡು ಮೊಳೆಗಳ ನಡುವೆ ಅಡ್ಡಲಾಗಿ ಸಿಕ್ಕಿಸಿ ತಿರುಗಿಸಬೇಕು, ಸ್ಪ್ರಿಂಗಿನ ಒತ್ತಡದಲ್ಲಿ ಬ್ಲೇಡು ಹಣ್ಣಿನ ಉಬ್ಬುತಗ್ಗುಗಳನ್ನು ಹಿಂಬಾಲಿಸಬೇಕು, ಹಲಸಿನ ಅಂಟು ಮೆತ್ತದಂತೆ ಬ್ಲೇಡಿನ ಮೇಲೆ ಕೊಬ್ಬರಿ ಎಣ್ಣೆ ತೊಟ್ಟಿಕ್ಕಿಸುವ ಡಬ್ಬಿಯೂ ಇರಬೇಕು. ಹ್ಯಾಂಡಲಿನ ಕಡೆ 15 ಹಲ್ಲಿನ ಗೇರು, ಹಣ್ಣಿನ ಕಡೆ 60 ಹಲ್ಲಿನದು. ಹ್ಯಾಂಡಲು ನಾಲ್ಕು ಸುತ್ತು ತಿರುಗಿದರೆ ಹಣ್ಣು ಒಂದು ಸುತ್ತು. ಹಲ್ಲಿನ ಗಾತ್ರವನ್ನು ಸೂಚಿಸುವ ಮಾಡ್ಯೂಲ್ 4 ಎಂದು ಹಿಡಿದರೆ ಎರಡೂ ಗೇರುಗಳು ಪರಸ್ಪರ ಕೂಡುವ ವೃತ್ತಗಳ ವ್ಯಾಸ 60 ಮತ್ತು 240 ಮಿ.ಮೀ., ಕೇಂದ್ರಗಳ ಅಂತರ 150 ಮಿ.ಮೀ. 1:5ರಲ್ಲಿ ಆ ಅಂತರ 30 ಮಿ.ಮೀ., ಅಂದರೆ ಸರಿಯಾಗಿ ಆರು ಚೌಕ.

ಗೇರನ್ನು ಬರೆಯುವ ರೀತಿಯಲ್ಲೇ ಬಲ್ಲವರು ಯಾರು, ಅಲ್ಲದವರು ಯಾರು ಎಂಬುದು ತಿಳಿಯುತ್ತದೆ. ಹೊಸಬರು ಒಂದೊಂದು ಹಲ್ಲನ್ನೂ ಬಿಡಿಸುತ್ತಾರೆ. ಇಂಜಿನಿಯರಿಂಗ್ ಡ್ರಾಯಿಂಗಿನ ರೂಢಿಯಂತೆ ಹೊರವೃತ್ತವನ್ನು ದಪ್ಪ ಗೆರೆಯಲ್ಲಿ, ಕೂಡುವ ವೃತ್ತವನ್ನು ಉದ್ದ ತುಂಡು, ಗಿಡ್ಡ ತುಂಡು ಸರದಿಯಲ್ಲಿ ಬರುವ ತೆಳು ಗೆರೆಯಲ್ಲಿ ಬರೆದು ಬಿಟ್ಟರೆ ಸಾಕು. ಎರಡು ಗೇರುಗಳ ತೆಳು ವೃತ್ತಗಳು ಒಂದನ್ನೊಂದು ಮುಟ್ಟಬೇಕು, ದಾಟಬಾರದು.

ಗೆರೆಯ ದಪ್ಪಕ್ಕೆ ಅಂತರರಾಷ್ಟ್ರೀಯ ಮಾನಕವೇ ಇದೆ: 0.18, 0.25, 0.35, 0.5, 0.7 ಮಿ.ಮೀ. ಹೀಗೆ ಪ್ರತಿ ಹೆಜ್ಜೆಗೂ ಸುಮಾರು 1.4 ಪಟ್ಟು. ಒಂದು ಚಿತ್ರಕ್ಕೆ ಎರಡು ದಪ್ಪಗಳು ಸಾಕು, ಒಂದು ಇನ್ನೊಂದರ ಇಮ್ಮಡಿ. ಕಣ್ಣಿಗೆ ಕಾಣುವ ಹೊರಗೆರೆಗೆ ದಪ್ಪ. ಮರೆಯಾದ ಅಂಚು, ನಡುಗೆರೆ, ಅಳತೆಯ ಗೆರೆಗಳಿಗೆ ತೆಳು. 1.4 ಪಟ್ಟಿನ ಗುಟ್ಟು ಹಾಳೆಯ ಅಳತೆಯಲ್ಲಿದೆ. ಎ3 ಹಾಳೆಯನ್ನು ಎ4ಕ್ಕೆ ಕುಗ್ಗಿಸಿದಾಗ ಉದ್ದ ಅಗಲಗಳು ಅಷ್ಟೇ ಪಟ್ಟು ಇಳಿಯುತ್ತವೆ, 0.5ರ ಗೆರೆ ತಾನಾಗಿ 0.35 ಆಗುತ್ತದೆ.

ಹಲಸಿನ ಯಂತ್ರದ ಚಿತ್ರ ಕೆಡುವುದೂ ಈ ಕುಗ್ಗಿಸುವಲ್ಲೇ. ಎ3ರಲ್ಲಿ 0.5 ಮತ್ತು 0.25ರ ಗೆರೆಗಳಲ್ಲಿ ಬರೆದು ಎ4 ಪುಟಕ್ಕೆ ಇಳಿಸಿದರೆ ತೆಳು ಗೆರೆ 0.18 ಆಗುತ್ತದೆ. ಬಿಳಿ ಕಾಗದದ ಮೇಲೆ ಕಪ್ಪು ಗೆರೆಗೆ ಅದು ಸಾಕು. ಗಾಢ ನೀಲಿಯ ನಡುವೆ ಬಿಳಿಯಾಗಿ ಉಳಿಯಬೇಕಾದ ಗೆರೆಗೆ ಸಾಲದು. ಅಚ್ಚಿನಲ್ಲಿ ಆ ನೀಲಿ ಎರಡು ಮೂರು ಶಾಯಿಗಳಿಂದ ಕೂಡಿ ಬರುತ್ತದೆ. ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಮುಚ್ಚಿಹೋಗುತ್ತದೆ, ತುಂಡುಗೆರೆಗಳು ಮೊದಲು ಮಾಯವಾಗುತ್ತವೆ. ಅದಕ್ಕೆ ಎ3ರಲ್ಲಿ 0.7 ಮತ್ತು 0.35 ಹಿಡಿಯುವುದು ಕ್ಷೇಮ. ಆಗ ಇನ್ನೊಂದು ತೊಡಕು ಎದುರಾಗುತ್ತದೆ: 1:5ರಲ್ಲಿ ಗೇರಿನ ಹೊರವೃತ್ತಕ್ಕೂ ಕೂಡುವ ವೃತ್ತಕ್ಕೂ ನಡುವೆ ಇರುವುದು 0.8 ಮಿ.ಮೀ. ಮಾತ್ರ. ದಪ್ಪ ಗೆರೆಗಳು ಅದರಲ್ಲಿ ಬಹುಪಾಲನ್ನು ನುಂಗಿ ಎರಡು ವೃತ್ತಗಳೂ ಅಂಟಿಕೊಂಡಂತೆ ಕಾಣುತ್ತವೆ. ಗೇರುಗಳಷ್ಟನ್ನೇ ಪಕ್ಕದಲ್ಲಿ 1:2ರಲ್ಲಿ ಮತ್ತೆ ಬರೆದರೆ ಅದೇ ಅಂತರ 2 ಮಿ.ಮೀ. ಆಗುತ್ತದೆ. ನಿಜವಾದ ನಕ್ಷೆಗಳಲ್ಲಿ ಒಂದು ಭಾಗಕ್ಕೆ ಸುತ್ತು ಹಾಕಿ ಅದನ್ನು ಬೇರೆಡೆ ದೊಡ್ಡದಾಗಿ ತೋರಿಸುವುದು ಇಂಥ ಇಕ್ಕಟ್ಟಿನಿಂದಲೇ.

ಹೆಸರುಗಳ ಜಾಗವನ್ನು ಖಾಲಿ ಬಿಡಲು ಕಾರಣಗಳಿವೆ: ಅದೇ ಚಿತ್ರ ಬೇರೆ ಬೇರೆ ಭಾಷೆಗಳಲ್ಲಿ ಬರಬಹುದು, ಮಕ್ಕಳು ತುಂಬಲೆಂದು ಕೊಡಬಹುದು. ಆ ಜಾಗವನ್ನು ಕೊನೆಗೆ ಹುಡುಕಲು ಹೊರಟರೆ ಸಿಗುವುದಿಲ್ಲ. ಎ3 ಹಾಳೆಯ ಚೌಕಟ್ಟಿನೊಳಗೆ ಸಿಗುವುದು 390 x 277 ಮಿ.ಮೀ.; 1:5ರ ಮುಂಭಾಗದ ನೋಟಕ್ಕೆ 120 x 180 ಬೇಕು. ಅದರ ಎಡಬಲಗಳಲ್ಲಿ ಮೊದಲೇ ಒಂದೊಂದು ಪಟ್ಟಿ ಕಾಯ್ದಿರಿಸಿ ಖಾಲಿ ಪಟ್ಟಿಕೆಗಳನ್ನು ಒಂದರ ಕೆಳಗೊಂದು ಸಾಲಾಗಿ ಇಡಬೇಕು. ಸೂಚಕ ಗೆರೆ ತೆಳುವಾಗಿ ಓರೆಯಾಗಿ ಹೋಗಿ, ಭಾಗದ ಒಳಗೆ ಮುಗಿದರೆ ಚುಕ್ಕೆ, ಅಂಚಿಗೆ ತಾಗಿದರೆ ಬಾಣ. ಒಂದು ಸೂಚಕ ಇನ್ನೊಂದನ್ನು ದಾಟಬಾರದು.

ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆಂದು ಅಳೆದ ಪಟ್ಟಿಕೆಯಲ್ಲಿ ಕನ್ನಡ ಹಿಡಿಸುವುದಿಲ್ಲ. ‘ಹಲ್ಲುಚಕ್ರ’ ಎಂದು ಬರೆದರೆ ಎರಡು ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ‘ಸ್ಪ್ರಿಂಗ್’ ಎಂದರೆ ಗುಡಿಸು ಮೇಲೆ, ಒತ್ತುಗಳು ಕೆಳಗೆ. ಅಕ್ಷರದ ಮೈ 3.5 ಮಿ.ಮೀ. ಇದ್ದರೆ ಪಟ್ಟಿಕೆಗೆ ಎರಡು ಚೌಕದ, ಅಂದರೆ 10 ಮಿ.ಮೀ. ಎತ್ತರ ಕೊಡುವುದು ಒಳ್ಳೆಯದು. ಬಲಗೆಳ ಮೂಲೆಯ ಶೀರ್ಷಿಕೆ ಪಟ್ಟಿಯನ್ನೂ ಖಾಲಿ ಬಿಡಬಹುದು. ಅದರಲ್ಲಿ ಅರ್ಥವಿಲ್ಲದ ಅಕ್ಷರಗಳನ್ನು ತುಂಬುವುದಕ್ಕಿಂತ ಅದು ಎಷ್ಟೋ ಮೇಲು. 1:5 ಎಂಬ ಅಂಕಿಯನ್ನು ಮಾತ್ರ ಅಲ್ಲಿ ನಂಬುವಂತಿಲ್ಲ, ಪುಟಕ್ಕೆ ಇಳಿಸಿದಾಗ ಅದು ಸುಳ್ಳಾಗುತ್ತದೆ. ಬದಲಿಗೆ 0ಯಿಂದ 500 ಮಿ.ಮೀ.ವರೆಗಿನ ಒಂದು ಅಳತೆಪಟ್ಟಿಯನ್ನು ಬರೆದಿಟ್ಟರೆ ಚಿತ್ರ ಎಷ್ಟು ಕುಗ್ಗಿದರೂ ಅದೂ ಜೊತೆಗೇ ಕುಗ್ಗುತ್ತದೆ.