ಮದ್ದನ್ನು ಮೊಗೆದು ಹೊರಚೆಲ್ಲುವ ಪಂಪು

ಬ್ಯಾಕ್ಟೀರಿಯಾ ಬದುಕಬೇಕಾದರೆ ಹೊಸ ಪ್ರೋಟೀನು ತಯಾರಾಗುತ್ತಲೇ ಇರಬೇಕು. ಆ ಕೆಲಸ ಮಾಡುವುದು ರೈಬೋಸೋಮ್. ಅದರ ಚಿಕ್ಕ ಭಾಗ ಸಂದೇಶವನ್ನು ಓದುತ್ತದೆ, ದೊಡ್ಡ ಭಾಗ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಮಾಲೆಯಂತೆ ಪೋಣಿಸುತ್ತದೆ. ಟೆಟ್ರಾಸೈಕ್ಲಿನ್ ಚಿಕ್ಕ ಭಾಗದಲ್ಲಿ, ಅಮೈನೋ ಆಮ್ಲ ಹೊತ್ತು ತರುವ ಟಿ-ಆರ್‌ಎನ್‌ಎ ಬಂದು ಕೂರಬೇಕಾದ ಜಾಗದಲ್ಲೇ ಅಡ್ಡ ಕೂರುತ್ತದೆ. ಹೊಸ ಹೂವು ಬಾರದಿದ್ದರೆ ಮಾಲೆ ನಿಂತಿತು. ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್‌ನಂಥ ಮ್ಯಾಕ್ರೋಲೈಡ್‌ಗಳ ದಾರಿ ಬೇರೆ. ದೊಡ್ಡ ಭಾಗದಲ್ಲಿ ಮಾಲೆ ಹೊರಬರುವ ಸುರಂಗವೊಂದಿದೆ. ಇವು ಅದರ ಬಾಯಿಯ ಹತ್ತಿರವೇ ಸೇರಿಕೊಂಡು ದಾರಿಯನ್ನು ಕಿರಿದಾಗಿಸುತ್ತವೆ. ಬಹಳಷ್ಟು ಪ್ರೋಟೀನುಗಳು ಕೆಲವೇ ಕೊಂಡಿಗಳಷ್ಟು ಬೆಳೆದು ಅಲ್ಲೇ ನಿಲ್ಲುತ್ತವೆ.

ಆದರೆ ಈ ಮದ್ದುಗಳು ರೈಬೋಸೋಮನ್ನು ಶಾಶ್ವತವಾಗಿ ಹಿಡಿದಿಡುವುದಿಲ್ಲ, ಅಂಟುತ್ತವೆ, ಬಿಡುತ್ತವೆ. ಜೀವಕೋಶದೊಳಗೆ ಅವುಗಳ ಪ್ರಮಾಣ ಸಾಕಷ್ಟಿದ್ದರೆ ಮಾತ್ರ ತಡೆ ನಿಲ್ಲುತ್ತದೆ. ಪಂಪು ಹೊಡೆಯುವುದು ಇಲ್ಲಿಗೇ. ಅದು ಮದ್ದನ್ನು ಕೆಡಿಸುವುದಿಲ್ಲ, ರೈಬೋಸೋಮನ್ನೂ ಮುಟ್ಟುವುದಿಲ್ಲ. ತೂತುಬಿದ್ದ ದೋಣಿಯಿಂದ ನೀರು ಮೊಗೆಯುವ ಅಂಬಿಗನಂತೆ, ಒಳಬಂದದ್ದನ್ನು ಹೊರಚೆಲ್ಲುತ್ತಿರುತ್ತದೆ.

ಇದು ಖಚಿತವಾದದ್ದು 1980ರಲ್ಲಿ, ಅಮೆರಿಕದ ಲಾರಾ ಮೆಕ್‌ಮರಿ ಮತ್ತು ಸ್ಟುವರ್ಟ್ ಲೆವಿ ಅವರ ತಂಡದಿಂದ. ಟೆಟ್ರಾಸೈಕ್ಲಿನ್‌ಗೆ ಬಗ್ಗದ ಇ. ಕೊಲೈ ಬ್ಯಾಕ್ಟೀರಿಯಾದ ಪೊರೆಯಿಂದ ಅವರು ಒಳಹೊರಗಾದ ಪುಟ್ಟ ಗುಳ್ಳೆಗಳನ್ನು ಮಾಡಿಕೊಂಡರು. ಅಂಗಿಯ ಒಳಮೈ ಹೊರಗೆ ತಿರುಗಿಸಿದಂತೆ. ಪಂಪು ನಿಜವಾಗಿ ಇದ್ದರೆ ಅದೀಗ ಮದ್ದನ್ನು ಗುಳ್ಳೆಯೊಳಕ್ಕೆ ತುಂಬಬೇಕು. ತುಂಬಿತು! ಇಷ್ಟು ಸರಳ, ಇಷ್ಟು ಚೊಕ್ಕ ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪಂಪಿಗೆ ಶಕ್ತಿ ಎಲ್ಲಿಂದ? ಪೊರೆಯ ಹೊರಗೆ ಹೈಡ್ರೋಜನ್ ಅಯಾನುಗಳು ದಟ್ಟವಾಗಿರುತ್ತವೆ. ಅವುಗಳಲ್ಲೊಂದನ್ನು ಒಳಬಿಟ್ಟು, ಆ ರಭಸದಲ್ಲೇ ಮೆಗ್ನೀಸಿಯಮ್ ಅಂಟಿಸಿಕೊಂಡ ಟೆಟ್ರಾಸೈಕ್ಲಿನ್ ಅಣುವೊಂದನ್ನು ಪಂಪು ಹೊರದಬ್ಬುತ್ತದೆ. (ಲೋಹಕ್ಕೆ ಅಂಟುವ ಈ ಗುಣದಿಂದಲೇ ಹಾಲಿನ ಕ್ಯಾಲ್ಸಿಯಂ ಜೊತೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.) ಸದಾ ಓಡುವ ಪಂಪು ಬ್ಯಾಕ್ಟೀರಿಯಾಕ್ಕೂ ಹೊರೆ. ಅದಕ್ಕೇ ಟೆಟ್-ಆರ್ ಎಂಬ ಪ್ರೋಟೀನು ಪಂಪಿನ ಜೀನಿನ ಮೇಲೆ ಕೂತು ಅದನ್ನು ಮುಚ್ಚಿಟ್ಟಿರುತ್ತದೆ. ಟೆಟ್ರಾಸೈಕ್ಲಿನ್ ಒಳಬಂದು ಟೆಟ್-ಆರ್‌ಗೆ ಅಂಟಿದ ಕೂಡಲೇ ಅದು ಜಾಗ ಬಿಡುತ್ತದೆ, ಪಂಪು ತಯಾರಾಗುತ್ತದೆ. ತನ್ನನ್ನು ಹೊರಹಾಕುವವನನ್ನು ಮದ್ದೇ ಎಬ್ಬಿಸಿದಂತಾಯಿತು.

ಮ್ಯಾಕ್ರೋಲೈಡ್‌ಗಳನ್ನು ಹೊರಹಾಕುವ ಪಂಪು ಸ್ಟ್ರೆಪ್ಟೋಕಾಕಸ್‌ಗಳಲ್ಲಿದೆ, ಹೆಸರು ಮೆಫ್. ಆದರೆ ರೈಬೋಸೋಮಿಗೇ ಮೀಥೈಲ್ ಗುಂಪು ಅಂಟಿಸಿ ಮದ್ದು ಕೂರದಂತೆ ಮಾಡುವ ತಳಿಗಳೂ ಇವೆ. ಯಾವುದು ಯಾವುದೆಂದು ತಿಳಿಯಲು ಲ್ಯಾಬಿನವರು ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಎರಿಥ್ರೋಮೈಸಿನ್ ಮತ್ತು ಕ್ಲಿಂಡಾಮೈಸಿನ್ ಬಿಲ್ಲೆಗಳನ್ನು ಪಕ್ಕಪಕ್ಕ ಇಡುತ್ತಾರೆ. ಎರಿಥ್ರೋಮೈಸಿನ್ ಸೋತರೂ ಕ್ಲಿಂಡಾಮೈಸಿನ್ ಸುತ್ತಲಿನ ಖಾಲಿ ವೃತ್ತ ದುಂಡಗೇ ಉಳಿದರೆ, ಅದು ಸಾಮಾನ್ಯವಾಗಿ ಪಂಪಿನ ಕೆಲಸ. ಮೆಫ್‌ಗೆ ಕ್ಲಿಂಡಾಮೈಸಿನ್ ಸಿಗುವುದಿಲ್ಲ, ಆ ಮದ್ದು ನಡೆಯುತ್ತದೆ. ಎರಿಥ್ರೋಮೈಸಿನ್ ಕಡೆಯ ಅಂಚು ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತಾದರೆ ರೈಬೋಸೋಮೇ ಬದಲಾಗಿದೆ. ಆಗ ಕ್ಲಿಂಡಾಮೈಸಿನ್‌ನನ್ನೂ ನೆಚ್ಚುವಂತಿಲ್ಲ.