ಮೂರು ಅಡಿ ಫಿಶ್ ಟ್ಯಾಂಕ್ ತುಂಬಿದ್ರೆ ತೂಕ ಎಷ್ಟು? ನಿಮ್ಮ ಸ್ಟ್ಯಾಂಡ್ ತಡೆಯುತ್ತಾ? ಇಲ್ಲಿದೆ ಪೂರ್ತಿ ಲೆಕ್ಕ

ಬೆಂಗಳೂರು ಉತ್ತರ: ಹೊಸ ಫಿಶ್ ಟ್ಯಾಂಕ್ ತರೋರು ಮೀನು ಯಾವುದು, ಫಿಲ್ಟರ್ ಯಾವುದು ಅಂತ ಹತ್ತು ಸಲ ಕೇಳ್ತಾರೆ. ಟ್ಯಾಂಕ್ ಯಾವುದರ ಮೇಲೆ ಕೂರುತ್ತೆ ಅನ್ನೋದನ್ನ ಮಾತ್ರ ಮನೆಗೆ ತಂದ ಮೇಲೆ ಯೋಚಿಸ್ತಾರೆ. ಕೊನೆಗೆ ಟಿವಿ ಯೂನಿಟ್ಟೋ, ಹಳೇ ಟೇಬಲ್ಲೋ ಸ್ಟ್ಯಾಂಡ್ ಆಗಿಬಿಡುತ್ತೆ. ಹತ್ತು-ಹದಿನೈದು ಕಿಲೋ ಟಿವಿ ಹೊರಲು ಮಾಡಿದ ಹಲಗೆ ಮೇಲೆ ಇನ್ನೂರು ಕಿಲೋಗಿಂತ ಜಾಸ್ತಿ ಭಾರ ಬೀಳುತ್ತೆ. ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರದ ಮಹಡಿ ಮನೆಗಳಲ್ಲಿ ಟ್ಯಾಂಕ್ ಒಡೆದರೆ ನೂರೈವತ್ತು ಲೀಟರ್‌ನಷ್ಟು ನೀರು ಒಂದೇ ಸಲ ನೆಲಕ್ಕೆ ಬರುತ್ತೆ, ಕೆಳಗಿನ ಮನೆಯ ಸೀಲಿಂಗ್‌ಗೂ ಇಳಿಯುತ್ತೆ. ಟ್ಯಾಂಕ್ ಪಕ್ಕದಲ್ಲೇ ಕರೆಂಟಿನ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಪ್ರಾಣಕ್ಕೇ ಅಪಾಯ.

ಹಾಗಾಗಿ ತೂಕದ ಲೆಕ್ಕ ಮೊದಲು ಆಗಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕನ್ನೇ ಉದಾಹರಣೆಗೆ ತಗೊಳ್ಳೋಣ. ಗಾಜು 8 ಮಿಲಿಮೀಟರ್ ದಪ್ಪ ಇದೆ ಅಂತಿಟ್ಟುಕೊಳ್ಳಿ.

ನೀರು ಎಷ್ಟು ಹಿಡಿಯುತ್ತೆ?

ಒಂದು ಘನ ಅಡಿ ಅಂದ್ರೆ 28.3 ಲೀಟರ್. ಈ ಟ್ಯಾಂಕ್ 6.75 ಘನ ಅಡಿ, ಅಂದ್ರೆ 191 ಲೀಟರ್. ಅಂಗಡಿಯಲ್ಲಿ ಹೇಳೋದು ಹೆಚ್ಚಾಗಿ ಇದೇ ಲೆಕ್ಕ. ಆದರೆ ಇದು ಹೊರಗಿನ ಅಳತೆ. ನೀರು ನಿಲ್ಲೋದು ಒಳಗೆ, ಆದ್ದರಿಂದ ಟೇಪನ್ನ ಒಳಗಡೆ ಹಿಡಿಯಬೇಕು.

ಎರಡೂ ಕಡೆ ಗಾಜಿನ ದಪ್ಪ ಕಳೆದರೆ ಒಳಗಿನ ಉದ್ದ 89.8 ಸೆಂಟಿಮೀಟರ್, ಅಗಲ 44.1 ಸೆಂಟಿಮೀಟರ್. ಇವೆರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 3.96 ಬರುತ್ತೆ. ಅಂದ್ರೆ ನೀರು ಒಂದು ಸೆಂಟಿಮೀಟರ್ ಏರಿದರೆ ಹತ್ತಿರ ಹತ್ತಿರ 4 ಲೀಟರ್. ಮೇಲೆ ಸ್ವಲ್ಪ ಜಾಗ ಬಿಟ್ಟು 40 ಸೆಂಟಿಮೀಟರ್‌ವರೆಗೆ ತುಂಬಿದರೆ 158 ಲೀಟರ್ ಆಗುತ್ತೆ. ಒಂದು ಲೀಟರ್ ನೀರು ಒಂದು ಕಿಲೋ ಅನ್ನೋದು ಎಲ್ಲರಿಗೂ ಗೊತ್ತು, ಹಾಗಾಗಿ ಇಲ್ಲಿವರೆಗೆ 158 ಕಿಲೋ.

ಗ್ರಾವೆಲ್ ಹಾಕಿದಾಗ ಲೆಕ್ಕ ತಪ್ಪೋದು ಇಲ್ಲೇ

ತಳಕ್ಕೆ 5 ಸೆಂಟಿಮೀಟರ್ ದಪ್ಪ ಗ್ರಾವೆಲ್ ಹಾಸಿದರೆ ಅದು 20 ಲೀಟರ್ ಜಾಗ ತಗೊಳ್ಳುತ್ತೆ. ಕೆಲವರು ಗ್ರಾವೆಲ್‌ನ ಪೂರ್ತಿ ತೂಕವನ್ನ ನೀರಿನ 158 ಕಿಲೋಗೆ ಹಾಗೇ ಕೂಡಿಸ್ತಾರೆ. ಇನ್ನು ಕೆಲವರು 20 ಲೀಟರ್ ನೀರು ಪೂರ್ತಿ ಕಮ್ಮಿಯಾಯ್ತು ಅಂತ ಕಳೀತಾರೆ. ಎರಡೂ ತಪ್ಪು. ಕಲ್ಲುಗಳ ನಡುವೆ ಸಂದಿ ಇರುತ್ತೆ, ಆ ಸಂದಿಯಲ್ಲಿ ನೀರು ತುಂಬಿಕೊಳ್ಳುತ್ತೆ. ಕಲ್ಲಿನ ಗಟ್ಟಿ ಭಾಗ ಎಷ್ಟಿದೆಯೋ ಅಷ್ಟು ನೀರು ಮಾತ್ರ ಜಾಗ ಬಿಡುತ್ತೆ.

ಇದನ್ನ ಮನೆಯಲ್ಲೇ ನೋಡಬಹುದು. ಒಂದು ಲೀಟರ್ ಮಗ್ಗಿನ ತುಂಬಾ ಒಣಗಿದ ಗ್ರಾವೆಲ್ ಹಾಕಿ ತೂಗಿ. ಸುಮಾರು ಒಂದೂವರೆ ಕಿಲೋ ಬರುತ್ತೆ. ಈಗ ಅದೇ ಮಗ್ಗಿಗೆ ಕಲ್ಲಿನ ಮಟ್ಟಕ್ಕೆ ಬರೋವರೆಗೆ ನೀರು ಸುರಿಯಿರಿ. ನಾನೂರು ಮಿಲಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಅಂದ್ರೆ ಒಂದು ಲೀಟರ್ ಜಾಗದಲ್ಲಿ ಬರೀ ನೀರಿದ್ದರೆ ಒಂದು ಕಿಲೋ, ಗ್ರಾವೆಲ್ ಮತ್ತು ನೀರು ಸೇರಿದ್ದರೆ 1.9 ಕಿಲೋಗಿಂತ ಸ್ವಲ್ಪ ಜಾಸ್ತಿ. ಬೇರೆ ಥರದ ಮಣ್ಣು, ಮರಳು ಹಾಕೋರು ಇದೇ ಪರೀಕ್ಷೆ ಮಾಡಿಕೊಳ್ಳಬಹುದು, ಅಂಕಿ ಮಾತ್ರ ಬದಲಾಗುತ್ತೆ.

ನಮ್ಮ ಟ್ಯಾಂಕಿಗೆ ಬೇಕಾಗುವ ಗ್ರಾವೆಲ್ 30 ಕಿಲೋ. ಅದು ಆಚೆ ತಳ್ಳೋದು ಸುಮಾರು 11 ಲೀಟರ್ ನೀರು. ಹಾಗಾಗಿ ನಿಜವಾಗಿ ಹೆಚ್ಚಾಗೋದು 19 ಕಿಲೋ. ಅಲಂಕಾರಕ್ಕೆ 10 ಕಿಲೋ ದೊಡ್ಡ ಕಲ್ಲು ಇಟ್ಟರೆ ಇನ್ನೂ 4 ಲೀಟರ್ ನೀರು ಹೋಗಿ, ನಿವ್ವಳ 6 ಕಿಲೋ ಸೇರುತ್ತೆ. ಕೊನೆಗೆ ಟ್ಯಾಂಕ್‌ನಲ್ಲಿ ಉಳಿಯೋ ನೀರು 143 ಲೀಟರ್. ಮೀನಿಗೆ ಔಷಧಿ ಹಾಕುವಾಗ ಲೆಕ್ಕಕ್ಕೆ ಹಿಡಿಯಬೇಕಾದ್ದೂ ಈ 143 ಲೀಟರ್, ಅಂಗಡಿಯವರು ಹೇಳಿದ 191 ಅಲ್ಲ.

ಒಟ್ಟು ತೂಕ

8 ಮಿಲಿಮೀಟರ್ ಗಾಜು ಒಂದು ಚದರ ಮೀಟರ್‌ಗೆ 20 ಕಿಲೋ ತೂಗುತ್ತೆ. ಈ ಟ್ಯಾಂಕಿನ ಐದು ಗಾಜು ಸೇರಿ 33 ಕಿಲೋ. ಮುಚ್ಚಳ, ಲೈಟು, ಫಿಲ್ಟರ್ ಅಂತ 6 ಕಿಲೋ ಹಿಡಿಯಿರಿ. ನೀರು 143, ಗ್ರಾವೆಲ್ 30, ಕಲ್ಲು 10, ಗಾಜು 33, ಇತರೆ 6, ಎಲ್ಲಾ ಸೇರಿ 222 ಕಿಲೋ. ನೀರು ಬದಲಾಯಿಸುವಾಗ ಮರೆತು ಅಂಚಿನವರೆಗೆ ತುಂಬಿಬಿಟ್ಟರೆ ಇನ್ನೂ 19 ಕಿಲೋ ಸೇರಿ 241 ಆಗುತ್ತೆ. ಸ್ಟ್ಯಾಂಡ್ ಮಾಡಿಸೋಕೆ ಈ ಕೊನೇ ಅಂಕಿಯನ್ನೇ ಹೇಳಬೇಕು. ಸುಲಭವಾಗಿ ಹೇಳೋದಾದ್ರೆ, ಐದು ಸಿಮೆಂಟ್ ಮೂಟೆಯನ್ನ ವರ್ಷಗಟ್ಟಲೆ ಹೊತ್ತು ನಿಲ್ಲೋ ಸ್ಟ್ಯಾಂಡ್ ಬೇಕು.

ಸ್ಟ್ಯಾಂಡ್ ಎಲ್ಲಿ ಸೋಲುತ್ತೆ?

ಕಬ್ಬಿಣದ ಸ್ಕ್ವೇರ್ ಪೈಪಿನ ಕಾಲಿಗೆ ತಲಾ 60 ಕಿಲೋ ಹೊರೋದು ದೊಡ್ಡ ವಿಷಯ ಅಲ್ಲ. ಆದರೆ ನೆಲ ಸಮ ಇಲ್ಲದೆ ಸ್ಟ್ಯಾಂಡ್ ಅಲುಗಾಡ್ತಿದ್ದರೆ ಭಾರ ಹೆಚ್ಚು ಕಮ್ಮಿ ಎದುರುಬದುರು ಮೂಲೆಯ ಎರಡೇ ಕಾಲಿನ ಮೇಲೆ ಬೀಳುತ್ತೆ. ಆಗ ಮೇಲಿನ ಫ್ರೇಮ್ ತಿರುಚಿಕೊಳ್ಳುತ್ತೆ, ಜೊತೆಗೆ ಟ್ಯಾಂಕಿನ ತಳವೂ. ಗಾಜು ಬಾಗೋದಿಲ್ಲ, ಬಿರುಕು ಬಿಡುತ್ತೆ ಇಲ್ಲವೇ ಸಿಲಿಕಾನ್ ಅಂಟು ಬಿಡುತ್ತೆ. ಹೀಗಾಗಿ ಸ್ಟ್ಯಾಂಡ್ ಮುರಿಯದೇ ಇದ್ದರೂ ಟ್ಯಾಂಕ್ ಒಡೆಯಬಹುದು. ಅಲುಗಾಡೋ ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಸರಿ ಮಾಡಬೇಕೇ ಹೊರತು ಟ್ಯಾಂಕಿನ ಕೆಳಗೆ ಏನನ್ನೂ ತುರುಕಬಾರದು. ಫ್ರೇಮ್ ಇಲ್ಲದ, ಚಪ್ಪಟೆ ತಳದ ಟ್ಯಾಂಕಿಗೆ ಥರ್ಮಾಕೋಲ್ ಹಾಸೋದು ಸರಿಯೇ. ಅದು ಸಣ್ಣ ಉಬ್ಬು-ತಗ್ಗು ನುಂಗುತ್ತೆ, ಬಾಗಿದ ಸ್ಟ್ಯಾಂಡನ್ನ ನೆಟ್ಟಗೆ ಮಾಡಲ್ಲ.

ಪಾರ್ಟಿಕಲ್ ಬೋರ್ಡ್ ಯೂನಿಟ್‌ಗಳ ಕಥೆ ಬೇರೆ. ಮೊದಲ ದಿನ ಗಟ್ಟಿಯಾಗೇ ಕಾಣುತ್ತೆ. ದಿನಾ ಚೆಲ್ಲೋ ನೀರು ಅಂಚಿನಿಂದ ಒಳಗೆ ಹೋದ ಮೇಲೆ ಬೋರ್ಡ್ ಉಬ್ಬಿ, ಸ್ಕ್ರೂ ಹಿಡಿತ ಬಿಡುತ್ತೆ. ಬಾಗಿಲು ಮೊದಲಿಗಿಂತ ಬಿಗಿಯಾಗಿ ಉಜ್ಜೋಕೆ ಶುರುವಾದರೆ ಮೇಲಿನ ಹಲಗೆ ಇಳೀತಿದೆ ಅಂತಲೇ ಅರ್ಥ. ಆಗ ತಡಮಾಡದೆ ನೀರು ಇಳಿಸಬೇಕು.

ನೆಲದ ಮಾತು

ಭಾರತೀಯ ಮಾನಕದ ಐಎಸ್ 875 ಪ್ರಕಾರ ವಾಸದ ಕೋಣೆಯ ನೆಲವನ್ನ ಚದರ ಮೀಟರ್‌ಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡ್ತಾರೆ. ಇದು ಇಡೀ ಕೋಣೆಗೆ ಹರಡಿದ ಭಾರದ ಲೆಕ್ಕ. ಆದ್ದರಿಂದ ಸರಿಯಾಗಿ ಕಟ್ಟಿದ ಆರ್‌ಸಿಸಿ ಮನೆಯಲ್ಲಿ ಗೋಡೆ ಪಕ್ಕ ಇಟ್ಟ ಒಂದು ಮೂರು ಅಡಿ ಟ್ಯಾಂಕ್ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಕೋಣೆ ನಡುವೆ, ಬಾಲ್ಕನಿಯ ತುದಿಯಲ್ಲಿ ಇಡೋದು ಬೇಡ. ಹಳೇ ಕಲ್ಲು ಚಪ್ಪಡಿ ಮನೆಯ ಮಹಡಿ ಆದರೆ, ಅಥವಾ ನಾಲ್ಕೈದು ಅಡಿಯ ಟ್ಯಾಂಕ್ ಆದರೆ ಮನೆ ಓನರಿಗೆ ಹೇಳಿ, ಎಂಜಿನಿಯರ್ ಒಬ್ಬರಿಗೆ ತೋರಿಸೋದೇ ಸರಿ. ಸ್ಟ್ಯಾಂಡಿನ ಕಾಲು ಬರೋ ಟೈಲ್ಸನ್ನ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕಾಲಿನ ಕೆಳಗೆ ಅಗಲವಾದ ಪ್ಲೇಟ್ ಹಾಕಿಸಿ ಇಲ್ಲವೇ ಜಾಗ ಬದಲಿಸಿ.

ತುಂಬೋ ದಿನ ಹೀಗೆ ಮಾಡಿ

ಖಾಲಿ ಸ್ಟ್ಯಾಂಡನ್ನ ಮೇಲ್ಗಡೆ ಹಿಡಿದು ಪಕ್ಕಕ್ಕೆ ತಳ್ಳಿ. ವಾಲಾಡಿದರೆ ಹಿಂದುಗಡೆ ಅಡ್ಡಪಟ್ಟಿ ಹಾಕಿಸದೆ ಟ್ಯಾಂಕ್ ಇಡಬೇಡಿ. ಆಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಗಲಕ್ಕೂ ನೋಡಿ. ನೀರನ್ನ ಒಂದೇ ಸಲ ಪೈಪ್ ಬಿಟ್ಟು ತುಂಬಬೇಡಿ. ಅಳತೆ ಗೊತ್ತಿರೋ ಬಕೆಟ್‌ನಲ್ಲಿ, ಎಣಿಸಿಕೊಂಡು, ಹತ್ತು ಸೆಂಟಿಮೀಟರ್ ಏರಿದಾಗಲೆಲ್ಲ ನಿಲ್ಲಿಸಿ. ಪ್ರತಿ ಸಲವೂ ನೀರಿನ ಮಟ್ಟದಿಂದ ಟ್ಯಾಂಕಿನ ಅಂಚಿಗೆ ನಾಲ್ಕು ಮೂಲೆಯಲ್ಲೂ ಅಳೆಯಿರಿ. ಮೊದಲು ಸಮ ಇದ್ದ ಅಳತೆ ಆಮೇಲೆ ಒಂದು ಮೂಲೆಯಲ್ಲಿ ಬೇರೆ ಬಂತು ಅಂದ್ರೆ ಸ್ಟ್ಯಾಂಡ್ ಆ ಕಡೆ ಇಳೀತಿದೆ. ಪೂರ್ತಿ ತುಂಬಿದ ಮೇಲೆ ಒಂದು ದಿನ ಮೀನು ಬಿಡದೆ ಹಾಗೇ ಇಟ್ಟು, ಮಾರನೇ ದಿನ ಮತ್ತೆ ಅಳೆಯಿರಿ. ಮೂಲೆಗಳ ಲೆಕ್ಕ ಬದಲಾಗಿರದಿದ್ದರೆ, ಅಂಟಿನ ಹತ್ತಿರ ತೇವ ಕಾಣದಿದ್ದರೆ ಆಮೇಲೆ ಮೀನು ತರಬಹುದು.