ಉದಯಪುರದ ಮದುವೆಗೆ ಹೊರಡುವ ಮುನ್ನ

ಬೆಂಗಳೂರಿನ ಹುಡುಗಿ, ಜೈಪುರದ ಹುಡುಗ, ಮದುವೆ ಉದಯಪುರದಲ್ಲಿ. ಇಂಥ ಕರೆಯೋಲೆ ಈಗ ನಮ್ಮ ಮನೆಗಳಿಗೂ ಬರತೊಡಗಿದೆ. ಶುಕ್ರವಾರ ಮಧ್ಯಾಹ್ನ ಮೆಹಂದಿ, ರಾತ್ರಿ ಸಂಗೀತ್. ಶನಿವಾರ ಬೆಳಿಗ್ಗೆ ನಮ್ಮ ಕಡೆಯ ಧಾರೆ, ರಾತ್ರಿ ಅವರ ಕಡೆಯ ಬಾರಾತ್, ಆಮೇಲೆ ಫೇರೆ. ಪತ್ರಿಕೆ ಬಂದ ಕೂಡಲೇ ವಿಮಾನದ ಟಿಕೆಟ್ ಹುಡುಕಬೇಡಿ. ಮೊದಲು ಹುಡುಗಿಯ ಮನೆಗೆ ಫೋನ್ ಮಾಡಿ, ನಮಗೆ ರೂಮು ಯಾವತ್ತಿನಿಂದ ಯಾವತ್ತಿನವರೆಗೆ ಇದೆ ಎಂದು ಕೇಳಿ. ಸಂಕೋಚ ಬೇಡ. ಎಷ್ಟು ರೂಮು ಹಿಡಿಯಬೇಕೆಂಬ ಚಿಂತೆಯಲ್ಲಿರುವ ಅವರಿಗೂ ಈ ಫೋನು ಬೇಕಾಗಿರುತ್ತದೆ.

ಸಾಮಾನ್ಯವಾಗಿ ಸಿಗುವುದು ಎರಡು ರಾತ್ರಿ: ಶುಕ್ರವಾರ ಮಧ್ಯಾಹ್ನ ಎರಡರಿಂದ ಭಾನುವಾರ ಬೆಳಿಗ್ಗೆ ಹನ್ನೊಂದರವರೆಗೆ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಬಂದಿಳಿದರೆ ರೂಮು ಸಿಗುವುದು ಕಷ್ಟ. ಸೀಸನ್ನಿನಲ್ಲಿ ಹಿಂದಿನ ಮದುವೆಯವರು ಆಗಿನ್ನೂ ಖಾಲಿ ಮಾಡುತ್ತಿರುತ್ತಾರೆ. ಹೋಟೆಲಿನವರು ಕೊಡಬೇಕೆಂದರೂ ಕೊಡಲಾಗುವುದಿಲ್ಲ. ಮೆಹಂದಿಗೆ ಬಟ್ಟೆ ಬದಲಿಸಲೂ ಜಾಗವಿರುವುದಿಲ್ಲ. ಭಾನುವಾರದ ತೊಂದರೆ ಬೇರೆ. ಫೇರೆಯ ಮುಹೂರ್ತ ಮಧ್ಯರಾತ್ರಿಗೆ ಬಿದ್ದರೆ ಹುಡುಗಿಯನ್ನು ಕಳಿಸಿಕೊಡುವಷ್ಟರಲ್ಲಿ ಬೆಳಗಿನ ಜಾವವಾಗುತ್ತದೆ. ಡಬೋಕ್‌ನಲ್ಲಿರುವ ವಿಮಾನ ನಿಲ್ದಾಣ ಊರಿನಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ, ರೆಸಾರ್ಟ್ ಊರಿನ ಆಚೆ ಬದಿಗಿದ್ದರೆ ಇನ್ನೂ ದೂರ. ಭಾನುವಾರ ಬೆಳಗಿನ ವಿಮಾನ ಹಿಡಿಯಬೇಕೆಂದರೆ ಧಾರೆ ನೋಡಿಯೂ ಫೇರೆ ಬಿಟ್ಟು ಮಲಗಬೇಕು.

ಹಾಗಾಗಿ ಗುರುವಾರ ಸಂಜೆಯೇ ತಲುಪಿ, ಆ ರಾತ್ರಿ ಊರೊಳಗಿನ ಸಾಧಾರಣ ಹೋಟೆಲಿನಲ್ಲಿ ಸ್ವಂತ ಖರ್ಚಿನಲ್ಲಿ ತಂಗಿ, ಸೋಮವಾರ ಸಂಜೆಯೋ ಮಂಗಳವಾರವೋ ಹಿಂದಿರುಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಿಂದ ಉದಯಪುರಕ್ಕೆ ನೇರ ವಿಮಾನಗಳು ಕಡಿಮೆ. ದೆಹಲಿ ಮೇಲೆ ಹೋಗುವುದಾದರೆ ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜಿನಿಂದ ತಡವಾಗುವುದು ಮಾಮೂಲು. ಗುರುವಾರ ಹೊರಟವರಿಗೆ ತಡವಾದರೂ ಒಂದು ರಾತ್ರಿ ಕೈಯಲ್ಲಿರುತ್ತದೆ. ಟಿಕೆಟ್ ತೀರಾ ದುಬಾರಿಯಾದರೆ ಅಹಮದಾಬಾದಿಗೆ ನೋಡಿ. ಅಲ್ಲಿಗೆ ವಿಮಾನಗಳು ಹೆಚ್ಚು. ಮುಂದೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್, ಐದು ಗಂಟೆಯ ದಾರಿ. ನಾಲ್ಕು ಜನ ಸೇರಿ ಕಾರು ಮಾಡಿದರೆ ಗಿಟ್ಟುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮವರು ಮರೆಯುವುದು ಚಳಿಯನ್ನು. ನಮ್ಮ ಮದುವೆ ಹಗಲಿನದು, ಛತ್ರದೊಳಗಿನದು. ಅಲ್ಲಿ ಬಾರಾತ್, ಊಟ, ಫೇರೆ ಬಹುಪಾಲು ಬಯಲಿನಲ್ಲೇ, ರಾತ್ರಿಯೇ. ಜನವರಿಯಲ್ಲಿ ರಾತ್ರಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ರೇಷ್ಮೆ ಸೀರೆಗೆ ಉದ್ದ ತೋಳಿನ ರವಿಕೆ, ಮೇಲೊಂದು ಒಳ್ಳೆಯ ಶಾಲು ಇದ್ದರೆ ಚೆಂದವೂ ಹೌದು, ಬೆಚ್ಚಗೂ ಹೌದು. ನಾಲ್ಕು ಕಾರ್ಯಕ್ಕೆ ನಾಲ್ಕು ಭಾರಿ ಉಡುಪು ಬೇಕಿಲ್ಲ. ಮೆಹಂದಿಗೆ ಕಲೆಯಾದರೂ ಬೇಸರವಾಗದ ಹತ್ತಿಯ ಬಟ್ಟೆ ಸಾಕು. ಧಾರೆಗೆ ಉಟ್ಟ ಸೀರೆ ಬಿಟ್ಟು, ರಾತ್ರಿಗೆ ಇನ್ನೊಂದು. ಕೆಲಸವಿರುವ ಲೆಹೆಂಗಾ ಒಂದೇ ನಾಲ್ಕೈದು ಕೆಜಿ ತೂಗುತ್ತದೆ; ನಮ್ಮಲ್ಲಿ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಲಗೇಜು ಹೆಚ್ಚಾಗಿ 15 ಕೆಜಿ, ಕೈಚೀಲ 7 ಕೆಜಿ. ಶನಿವಾರದ ಉಡುಪು, ಒಡವೆ ಕೈಚೀಲದಲ್ಲೇ ಇರಲಿ, ರವಿಕೆಯನ್ನಂತೂ ಬಿಡಬೇಡಿ. ಲಗೇಜು ಬರದಿದ್ದರೆ ಸೀರೆಯನ್ನು ಯಾರಾದರೂ ಕೊಟ್ಟಾರು, ಅಳತೆಗೆ ಕೂರುವ ರವಿಕೆ ಯಾರ ಬಳಿಯೂ ಸಿಗದು.

ಉಡುಗೊರೆಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗದಿರುವುದೇ ಮೇಲು. ನೀವು ಕೊಟ್ಟ ಡಬ್ಬಿಯನ್ನು ಹುಡುಗಿಯ ತಂದೆತಾಯಿ ಮತ್ತೆ ಬೆಂಗಳೂರಿಗೆ ಹೊರಬೇಕು, ಅವರದ್ದೇ ಲಗೇಜು ಬೆಟ್ಟದಷ್ಟಿರುತ್ತದೆ. ಬೆಳ್ಳಿ ದೀಪವೋ ಸೀರೆಯೋ ಆದರೆ ದೇವರ ಸಮಾರಾಧನೆಯ ದಿನ, ಇಲ್ಲವೇ ಮದುಮಕ್ಕಳು ತವರಿಗೆ ಬಂದಾಗ ಮನೆಯಲ್ಲೇ ಕೊಡಿ. ಮುಯ್ಯಿ ಹಾಕುವುದಾದರೆ ಲಕೋಟೆಯ ಮೇಲೆ ನಿಮ್ಮ ಹೆಸರು, ಊರು ಸ್ಪಷ್ಟವಾಗಿ ಬರೆದು ಮನೆಯ ಹಿರಿಯರ ಕೈಗೇ ಕೊಡಿ, ಸಂಗೀತಿನ ಗದ್ದಲದಲ್ಲಿ ಬೇಡ. ಪ್ರಯಾಣಕ್ಕೇ ಇಷ್ಟು ಖರ್ಚಾಗಿರುವಾಗ ಮುಯ್ಯಿ ಸ್ವಲ್ಪ ಕಡಿಮೆಯಾದರೆ ತಪ್ಪಿಲ್ಲ; ನೀವು ಬಂದದ್ದು ಅವರಿಗೆ ಗೊತ್ತಿರುತ್ತದೆ.

ಉಳಿದ ದಿನಗಳಿಗೆ ಊರು ದೊಡ್ಡದು, ಆದರೆ ಭಾನುವಾರ ನಿದ್ದೆಗಿರಲಿ. ಸಂಜೆ ಪಿಛೋಲಾ ಸರೋವರದಲ್ಲಿ ದೋಣಿ ಹತ್ತಿದರೆ ಸಾಕು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರಿನಲ್ಲಿ ಹೊರಟು ಮೊದಲು ಕುಂಭಲಗಢ ನೋಡಿ, ಅದು 85 ಕಿಲೋಮೀಟರ್ ಆಚೆ. 15ನೇ ಶತಮಾನದಲ್ಲಿ ರಾಣಾ ಕುಂಭ ಕಟ್ಟಿಸಿದ ಕೋಟೆ. ಗೋಡೆಯ ಉದ್ದವೇ 36 ಕಿಲೋಮೀಟರ್ ಎನ್ನುತ್ತಾರೆ. ರಣಕಪುರದ ಜೈನ ಬಸದಿ ನಂತರಕ್ಕಿರಲಿ, ಏಕೆಂದರೆ ಪ್ರವಾಸಿಗರಿಗೆ ಅಲ್ಲಿ ಬಾಗಿಲು ತೆರೆಯುವುದೇ ಮಧ್ಯಾಹ್ನ ಹನ್ನೆರಡಕ್ಕೆ, ಐದಕ್ಕೆ ಮುಚ್ಚುತ್ತದೆ. ಕ್ರಮ ಬದಲಿಸಿದವರು ಅಮೃತಶಿಲೆಯ ಆ ಕಂಬಗಳ ಹೊರಗೆ ಬಾಗಿಲು ಕಾಯಬೇಕಾಗುತ್ತದೆ. ಹಾಗೆ ಸುತ್ತುವವರು ವಾಪಸಿನ ವಿಮಾನವನ್ನು ಮಂಗಳವಾರಕ್ಕೇ ಇಟ್ಟುಕೊಳ್ಳಬೇಕು. ಒಳಗೆ ಚರ್ಮದ ಬೆಲ್ಟು, ಪರ್ಸು ಬಿಡುವುದಿಲ್ಲ, ಕಾರಿನಲ್ಲೇ ಬಿಟ್ಟು ಇಳಿಯಿರಿ.